ಪಾಲಕರ ಸಭೆಗೆ ಬಾರ್ ಚಾರ್ಟ್ ಚಲೋನೋ, ಪೈ ಚಾರ್ಟ್ ಚಲೋನೋ? ತರಗತಿಯ ಗ್ರೇಡ್ ತೋರಿಸೋ ಮೊದಲು ಇದನ್ನು ಓದಿ

ಹಾವೇರಿ: ಪಾಲಕರ ಸಭೆ ಅಂದರೆ ಗೋಡೆ ಮೇಲೆ ಒಂದು ಚಾರ್ಟ್ ಇರಲೇಬೇಕು. ಬಣ್ಣ ಬಣ್ಣದ ದುಂಡನೆಯ ಪೈ ಚಾರ್ಟ್ ಅಂಟಿಸಿದರೆ ನೋಡೋಕೆ ಚಂದ ಕಾಣುತ್ತದೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಯಾವ ಶಾಲೆಗೆ ಹೋದರೂ ಹಿಂದಿನ ಬೆಂಚಿನಲ್ಲಿ ಕೂತ ತಂದೆ-ತಾಯಿ ಕೇಳೋ ಪ್ರಶ್ನೆ ಒಂದೇ: "ಸರ್, ಹಿಂದ ಉಳಿದ ಹುಡುಗರು ಎಷ್ಟ ಮಂದಿ ಅದಾರ‍್ರಿ? ನಮ್ಮ ಹುಡುಗ ಅದ್ರಾಗ ಅದಾನೇನ್ರಿ?" ಈ ಪ್ರಶ್ನೆಗೆ ಯಾವ ಚಾರ್ಟ್ ನೆಟ್ಟಗೆ ಉತ್ತರ ಕೊಡುತ್ತದೋ ಅದೇ ಸರಿಯಾದ ಚಾರ್ಟ್. ಸಭೆಯಲ್ಲಿ ಚಾರ್ಟ್ ತಪ್ಪಾದರೆ ಹೆಚ್ಚುವರಿ ಪಾಠ ಬೇಕಾದ ಮಕ್ಕಳು ಕಣ್ಣಿಗೇ ಬೀಳದೆ ಹೋಗುತ್ತಾರೆ.

ಪಠ್ಯಪುಸ್ತಕದ ಸ್ತಂಭಾಲೇಖವನ್ನೇ ಜನ ಬಾರ್ ಚಾರ್ಟ್ ಅನ್ನುತ್ತಾರೆ. ಪೈ ನಕ್ಷೆ ಅಂದರೆ ದುಂಡನೆಯ ಚಾರ್ಟ್. ಎರಡನ್ನೂ ಪ್ರಕಟಿಸಿ ರೂಢಿಗೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ಬಾರ್, 1801ರಲ್ಲಿ ಪೈ. ಎರಡೂ ಇನ್ನೂರು ವರ್ಷ ದಾಟಿದವು, ಆದರೆ ಎರಡರ ಕೆಲಸ ಬೇರೆ ಬೇರೆ.

40 ಮಕ್ಕಳ ಒಂದು ತರಗತಿ

ಲೆಕ್ಕಕ್ಕೆ ಒಂದು ತರಗತಿ ಇಟ್ಟುಕೊಳ್ಳೋಣ. ಇದು ಯಾವ ಶಾಲೆಯದ್ದೂ ಅಲ್ಲ, ಉದಾಹರಣೆ ಮಾತ್ರ. ರಾಜ್ಯದ ಶಾಲೆಗಳ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಐದು ಗ್ರೇಡ್ ಇವೆ. 90ರಿಂದ 100 ಬಂದರೆ ಎ+, 70ರಿಂದ 89ಕ್ಕೆ ಎ, 50ರಿಂದ 69ಕ್ಕೆ ಬಿ+, 30ರಿಂದ 49ಕ್ಕೆ ಬಿ, 30ಕ್ಕಿಂತ ಕಡಿಮೆ ಬಂದರೆ ಸಿ. ನಮ್ಮ ತರಗತಿಯಲ್ಲಿ ಎ+ ನಾಲ್ಕು, ಎ ಹನ್ನೊಂದು, ಬಿ+ ಹದಿಮೂರು, ಬಿ ಒಂಬತ್ತು, ಸಿ ಮೂರು. ಒಟ್ಟು 40.

ಪೈ ಚಾರ್ಟ್ ಮಾಡಬೇಕಂದರೆ ಪೂರ್ತಿ ಸುತ್ತು 360 ಡಿಗ್ರಿಯನ್ನು 40 ಮಕ್ಕಳಿಗೆ ಹಂಚಬೇಕು. ಒಬ್ಬ ವಿದ್ಯಾರ್ಥಿಗೆ 9 ಡಿಗ್ರಿ ಬರುತ್ತದೆ. ಹಾಗಾಗಿ ಎ+ಗೆ 36, ಎಗೆ 99, ಬಿ+ಗೆ 117, ಬಿಗೆ 81, ಸಿಗೆ 27 ಡಿಗ್ರಿ. ಲೆಕ್ಕ ಸರಿ ಇದೆ, ಕೋನಮಾಪಕ ಇಟ್ಟು ಬರೆದರೆ ಚಿತ್ರವೂ ಸರಿ ಬರುತ್ತದೆ. ಆದರೆ ಎರಡು ದೊಡ್ಡ ಹೋಳು ನೋಡಿ ಎ ಹೆಚ್ಚೋ ಬಿ+ ಹೆಚ್ಚೋ ಎಂದು ಹಿಂದೆ ಕೂತವರನ್ನು ಕೇಳಿದರೆ ತಡವರಿಸುತ್ತಾರೆ. ಜೋಳದ ರೊಟ್ಟಿ ಐದು ಪಾಲು ಮಾಡಿ ಕೊಟ್ಟಾಗ ಯಾರ ಪಾಲು ತುಸು ದೊಡ್ಡದು ಅಂತ ಜಗಳ ಬರೋದು ಇದಕ್ಕೇ. ಕೋನವನ್ನು ಕಣ್ಣು ಸರಿಯಾಗಿ ಅಳೆಯಲ್ಲ.

ಅದೇ ಅಂಕಿಗಳನ್ನು ಬಾರ್ ಮಾಡಿದರೆ ಐದು ಕಂಬಗಳು ಒಂದೇ ನೆಲದ ಮೇಲೆ ನಿಲ್ಲುತ್ತವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಒಂದರ ಮೇಲೊಂದು ಪೇರಿಸಿಟ್ಟರೆ ಯಾವ ಸಾಲು ಎತ್ತರ ಎಂದು ದೂರದಿಂದಲೇ ಹೇಳಬಹುದಲ್ಲ, ಹಂಗೆ. ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಜನರಿಗೆ ಚಿತ್ರ ತೋರಿಸಿ ಇದನ್ನು ಪರೀಕ್ಷಿಸಿದರು. ಒಂದೇ ಗೆರೆಯಿಂದ ಎದ್ದ ಉದ್ದಗಳನ್ನು ಹೋಲಿಸುವಾಗ ಜನ ಮಾಡುವ ತಪ್ಪು ಕಡಿಮೆ, ಕೋನ ಹೋಲಿಸುವಾಗ ಹೆಚ್ಚು ಎಂಬುದು ಅವರಿಗೆ ಕಂಡುಬಂತು.

ಪೈನಲ್ಲಿ ಕ್ರಮ ಕಳೆದುಹೋಗುತ್ತದೆ

ಗ್ರೇಡಿಗೆ ಪೈ ಹೊಂದದಿರಲು ಇನ್ನೊಂದು ದೊಡ್ಡ ಕಾರಣ ಇದೆ. ಗ್ರೇಡ್ ಅಂದರೆ ಮೆಟ್ಟಿಲು. ಸಿ ಮೇಲೆ ಬಿ, ಬಿ ಮೇಲೆ ಬಿ+, ಹೀಗೆ ಎ+ ತನಕ ಏರಿಕೆ. ಬಾರ್‌ನಲ್ಲಿ ಎಡಕ್ಕೆ ಸಿ, ಬಲಕ್ಕೆ ಎ+ ಇಟ್ಟರೆ ತರಗತಿ ಎಲ್ಲಿ ಗುಂಪುಗೂಡಿದೆ, ಯಾವ ಬದಿಗೆ ವಾಲಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ವೃತ್ತಕ್ಕೆ ಶುರು ಇಲ್ಲ, ಕೊನೆ ಇಲ್ಲ. ಹಾಗಾಗಿ ತರಗತಿಯಲ್ಲಿ ಎಲ್ಲಕ್ಕಿಂತ ದೂರ ಇರುವ ಎ+ ಮತ್ತು ಸಿ ಎರಡೂ ಪೈನಲ್ಲಿ ಮಗ್ಗುಲಲ್ಲೇ ಅಂಟಿಕೊಂಡು ಕೂರುತ್ತವೆ. ಬಣ್ಣದ ಪಟ್ಟಿ ನೋಡಿ ಹೊಂದಿಸದೆ ಏನೂ ಗೊತ್ತಾಗಲ್ಲ. ಅದನ್ನೇ ಕಪ್ಪು-ಬಿಳುಪು ಝೆರಾಕ್ಸ್ ಮಾಡಿಸಿ ಪಾಲಕರಿಗೆ ಹಂಚಿದರೆ ಕೆಂಪು, ಹಸಿರು, ನೀಲಿ ಎಲ್ಲಾ ಒಂದೇ ಬೂದಿ ಬಣ್ಣ. ಬಾರ್‌ನಲ್ಲಿ ಗ್ರೇಡ್ ಕಂಬದ ಕೆಳಗೇ ಬರೆದಿರುತ್ತದೆ, ಝೆರಾಕ್ಸ್ ಮಾಡಿದರೂ ಹಾಳಾಗಲ್ಲ.

ಹಾಗಾದರೆ ಪೈ ಯಾವಾಗ?

ಪೈ ಚಾರ್ಟ್ ಪೂರ್ತಿ ಬೇಡ ಅಂತಲ್ಲ. ಪಾಲು ಎರಡೋ ಮೂರೋ ಇದ್ದು, ಕೇಳೋ ಪ್ರಶ್ನೆ "ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ" ಅಂತಿದ್ದರೆ ಪೈ ಚೆನ್ನಾಗಿ ಹೇಳುತ್ತದೆ. ಮೇಲಿನ ತರಗತಿಯಲ್ಲಿ ಬಿ ಮತ್ತು ಸಿ ಸೇರಿಸಿದರೆ 12 ಮಕ್ಕಳು, 108 ಡಿಗ್ರಿ, ಅಂದರೆ ಕಾಲು ಭಾಗಕ್ಕಿಂತ ತುಸು ಜಾಸ್ತಿ. "ಸಂಜೆ ಹೆಚ್ಚುವರಿ ತರಗತಿ ಬೇಕಾದವರು ಇಷ್ಟು" ಎಂದು ಎಸ್‌ಡಿಎಂಸಿ ಸದಸ್ಯರಿಗೆ ಅಥವಾ ನೋಟ್‌ಬುಕ್ ಕೊಡಿಸೋಕೆ ಮುಂದೆ ಬಂದ ಅಂಗಡಿಯವರಿಗೆ ತೋರಿಸಲು ಎರಡು ಹೋಳಿನ ಈ ಪೈ ಸಾಕು.

ಆದರೆ ಒಂದು ಕಡೆ ಪೈ ಹಾಕಲೇಬಾರದು. ಕನ್ನಡದಲ್ಲಿ ಇಷ್ಟು ಮಂದಿ ಎ+, ಗಣಿತದಲ್ಲಿ ಇಷ್ಟು, ವಿಜ್ಞಾನದಲ್ಲಿ ಇಷ್ಟು ಎಂದು ವಿಷಯವಾರು ಅಂಕಿ ತೋರಿಸುವಾಗ ಪೈ ಹಾಕಿದರೆ ಅದು ಸುಳ್ಳು ಲೆಕ್ಕ. ಒಬ್ಬಳೇ ಹುಡುಗಿ ಮೂರು ವಿಷಯದಲ್ಲೂ ಎ+ ಪಡೆದಿದ್ದರೆ ಮೂರು ಹೋಳಲ್ಲೂ ಎಣಿಕೆ ಆಗಿರುತ್ತಾಳೆ. ಪೈನ ಹೋಳುಗಳು ಸೇರಿ ಒಂದೇ ಪೂರ್ತಿ ಆಗಬೇಕು, ಒಬ್ಬರು ಒಂದೇ ಹೋಳಿನಲ್ಲಿ ಇರಬೇಕು. ವಿಷಯವಾರು ಅಂಕಿಗೆ ಬಾರ್ ಒಂದೇ ದಾರಿ.

ಎರಡು ವಿಭಾಗ ಹೋಲಿಸುವಾಗ ಎಚ್ಚರ

ರಾಣೆಬೆನ್ನೂರಿನಂಥ ಊರಿನ ದೊಡ್ಡ ಶಾಲೆಗಳಲ್ಲಿ ಒಂದೇ ತರಗತಿಗೆ ಎ, ಬಿ ವಿಭಾಗ ಇರುತ್ತವೆ. ಎ ವಿಭಾಗ ನಮ್ಮ 40 ಮಕ್ಕಳದ್ದು ಎಂದುಕೊಳ್ಳಿ. ಬಿ ವಿಭಾಗದಲ್ಲಿ 20 ಮಕ್ಕಳು, ಸಿ ಗ್ರೇಡ್ ಅಲ್ಲೂ ಮೂರು. ಮಕ್ಕಳ ಸಂಖ್ಯೆಯನ್ನೇ ಬಾರ್ ಮಾಡಿದರೆ ಎರಡೂ ವಿಭಾಗದ ಸಿ ಕಂಬ ಒಂದೇ ಎತ್ತರ, ಪರಿಸ್ಥಿತಿಯೂ ಒಂದೇ ಅನ್ನಿಸುತ್ತದೆ. ನಿಜ ಬೇರೆ: 40ರಲ್ಲಿ ಮೂರು ಅಂದರೆ ಶೇ 7.5, 20ರಲ್ಲಿ ಮೂರು ಅಂದರೆ ಶೇ 15. ಎರಡು ಪಟ್ಟು ಫರಕು. ಹಾಗಾಗಿ ಗಾತ್ರ ಬೇರೆ ಇರುವ ವಿಭಾಗಗಳನ್ನು ಹೋಲಿಸುವಾಗ ಶೇಕಡಾವಾರು ಬಾರ್ ಹಾಕಿ, ಕಂಬದ ತಲೆ ಮೇಲೆ ಮಕ್ಕಳ ಸಂಖ್ಯೆಯನ್ನೂ ಬರೆಯಬೇಕು. ಒಂದೇ ತರಗತಿ ತೋರಿಸುವಾಗ ಮಾತ್ರ ಶೇಕಡಾ ಬೇಡ. "ಶೇ 7.5" ಅನ್ನೋದಕ್ಕಿಂತ "ಮೂವರು ಮಕ್ಕಳು" ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಹಾಳೆ ಮೇಲೆ ಬರೆಯೋದು ಹೆಂಗೆ?

ಪ್ರೊಜೆಕ್ಟರ್ ಇಲ್ಲದ ಶಾಲೆಗೆ ಸುಮಾರು 56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದದ ಒಂದು ಚಾರ್ಟ್ ಹಾಳೆ ಸಾಕು. ಹಾಳೆ ಉದ್ದಕ್ಕೆ ನಿಲ್ಲಿಸಿ, ಒಬ್ಬ ವಿದ್ಯಾರ್ಥಿಗೆ 3 ಸೆಂ.ಮೀ. ಎತ್ತರ ಕೊಟ್ಟರೆ 13 ಮಕ್ಕಳ ಬಿ+ ಕಂಬ 39 ಸೆಂ.ಮೀ. ಆಗುತ್ತದೆ. ಮೇಲೆ ಶೀರ್ಷಿಕೆಗೂ ಕೆಳಗೆ ಗ್ರೇಡ್ ಬರೆಯೋದಕ್ಕೂ ಜಾಗ ಉಳಿಯುತ್ತದೆ. ಕಂಬದ ಅಗಲ 6, ನಡುವಿನ ಸಂದು 3 ಸೆಂ.ಮೀ. ಇಟ್ಟರೆ ಐದೂ ಕಂಬ 42 ಸೆಂ.ಮೀ.ನಲ್ಲಿ ಕೂರುತ್ತವೆ. ಎಲ್ಲ ಕಂಬದ ಅಗಲ ಒಂದೇ ಇರಬೇಕು. ಬಣ್ಣವೂ ಒಂದೇ ಸಾಕು. ಪ್ರತಿ ಕಂಬದ ಮೇಲೆ ಸಂಖ್ಯೆ, ಕೆಳಗೆ ಗ್ರೇಡ್ ಮತ್ತು ಅದರ ಅಂಕ, ಉದಾಹರಣೆಗೆ "ಬಿ: 30–49" ಎಂದು ದಪ್ಪಗೆ ಬರೆಯಬೇಕು. ಬರೀ "ಬಿ" ಅಂದರೆ ಎಷ್ಟು ಅಂಕ ಅಂತ ಎಲ್ಲ ಪಾಲಕರಿಗೂ ಗೊತ್ತಿರಲ್ಲ.

ಕಂಪ್ಯೂಟರ್‌ನಲ್ಲಿ ಮಾಡೋರು ಗ್ರೇಡ್‌ಗಳನ್ನು ಒಂದು ಕಾಲಂನಲ್ಲಿ ಟೈಪ್ ಮಾಡಿ ಈ ಸೂತ್ರದಿಂದ ಎಣಿಸಬಹುದು:

```
=COUNTIF(C2:C41,"B+")
```

ಐದೂ ಗ್ರೇಡಿಗೆ ಹೀಗೆ ಎಣಿಸಿ ಕೂಡಿಸಿದಾಗ 40 ಬರಲೇಬೇಕು. 39 ಬಂದರೆ ಯಾವುದೋ ಒಂದು ಕಡೆ B ಮತ್ತು + ನಡುವೆ ಸ್ಪೇಸ್ ಬಿದ್ದಿರುತ್ತದೆ, ಇಲ್ಲವೇ ಗೈರಾದ ಹುಡುಗನ ಜಾಗ ಖಾಲಿ ಇರುತ್ತದೆ. ಗೈರಾದವರನ್ನು ಸಿ ಗುಂಪಿಗೆ ತಳ್ಳಬಾರದು, ಲೆಕ್ಕದಿಂದ ಬಿಡಲೂಬಾರದು, "ಗೈರು" ಎಂದು ಬೇರೆ ಕಂಬ ಹಾಕಬೇಕು. ಗೂಗಲ್ ಶೀಟ್ಸ್‌ನಲ್ಲಿ ನಿಂತ ಕಂಬ ಬೇಕಾದರೆ Column chart ಆರಿಸಬೇಕು, Bar chart ಆರಿಸಿದರೆ ಕಂಬ ಅಡ್ಡ ಮಲಗುತ್ತವೆ.

ಕಣ್ಣಿಗೆ ಮಣ್ಣೆರಚುವ ಚಾರ್ಟ್

ಪಾಲಕರು ಎರಡು ವಿಷಯ ನೋಡಿಕೊಂಡರೆ ಸಾಕು. ಒಂದು, ಕಂಬಗಳು ಸೊನ್ನೆಯಿಂದ ಶುರು ಆಗಿವೆಯಾ? ಕೆಳಗಿನ ಗೆರೆ 8ರಿಂದ ಶುರು ಆದರೆ 9 ಮಕ್ಕಳ ಬಿ ಕಂಬ ಒಂದು ಅಳತೆ, 13 ಮಕ್ಕಳ ಬಿ+ ಕಂಬ ಐದು ಅಳತೆ ಎತ್ತರ ಕಾಣುತ್ತದೆ. ಸಿ ಕಂಬ ಮಾಯ. ಎರಡು, ಉಬ್ಬಿದ ಥ್ರೀಡಿ ಪೈ ಹಾಕಿದ್ದಾರಾ? ಅದರಲ್ಲಿ ಮುಂದಿನ ಹೋಳಿಗೆ ದಪ್ಪ ಅಂಚು ಸೇರಿ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹಿಂದಿನದು ಕುಗ್ಗುತ್ತದೆ.

ಬಾರ್ ಚಾರ್ಟ್ ಸರಿ ಇದ್ದರೂ ಅದು ಎಲ್ಲಾ ಹೇಳಲ್ಲ. 69 ಅಂಕದ ಹುಡುಗಿ ಬಿ+, 70ರ ಹುಡುಗ ಎ. ಫರಕು ಒಂದೇ ಅಂಕ, ಆದರೆ ಕಂಬ ಬೇರೆ. ಮತ್ತೆ ಎ+ಗೆ ಸಿಗೋದು ಮೇಲಿನ 11 ಅಂಕದ ಜಾಗ ಮಾತ್ರ, ಎಗೆ 20 ಅಂಕದ ಜಾಗ. ಎ+ ಕಂಬ ಗಿಡ್ಡ ಇರಲು ಅದೂ ಒಂದು ಕಾರಣ.

ಎಂಟೇ ಮಕ್ಕಳಿದ್ದರೆ?

ಸಣ್ಣ ಹಳ್ಳಿಯ ಶಾಲೆಯಲ್ಲಿ ಒಂದು ತರಗತಿಗೆ ಎಂಟು ಮಕ್ಕಳಿದ್ದರೆ ಯಾವ ಚಾರ್ಟೂ ಬೇಡ. ಅಲ್ಲಿ ಒಬ್ಬ ಅಂದರೇ ಶೇ 12.5. ಸಿ ಕಂಬದಲ್ಲಿ "1" ಎಂದು ಬರೆದರೆ ಅದು ಯಾರ ಮನೆಯ ಮಗು ಎಂದು ಊರಿಗೆಲ್ಲ ತಿಳಿದುಬಿಡುತ್ತದೆ, ಹೆಸರು ಬರೆಯದಿದ್ದರೂ. ಅಂಥಲ್ಲಿ ಪ್ರಗತಿ ಪತ್ರ ಕೈಗೆ ಕೊಟ್ಟು ಒಬ್ಬೊಬ್ಬರ ಜೊತೆ ಕೂತು ಮಾತಾಡೋದೇ ಸರಿ. ದೊಡ್ಡ ತರಗತಿಯಲ್ಲೂ ಸಿ ಗ್ರೇಡ್ ಒಬ್ಬರೋ ಇಬ್ಬರೋ ಇದ್ದರೆ ಬಿ ಜೊತೆ ಸೇರಿಸಿ "50ಕ್ಕಿಂತ ಕಡಿಮೆ" ಎಂದು ಒಂದೇ ಕಂಬ ಹಾಕಬಹುದು. ಅವರ ತಂದೆ-ತಾಯಿಗೆ ಸಭೆ ಮುಗಿದ ಮೇಲೆ ಬದಿಗೆ ಕರೆದು ಹೇಳಿದರಾಯಿತು.