ಟೊಮೆಟೊ ಚಾರ್ಟಿನ ಅತಿ ಎತ್ತರದ ಚುಕ್ಕೆ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಅಕ್ಕನ ಮಗ ಮೊನ್ನೆ ಅಭ್ಯಾಸ ಪುಸ್ತಕದ ಒಂದು ಪುಟದ ಫೋಟೊ ಕಳಿಸಿದ. ಮೇಲೆ ಕಂಬಗಳ ಚಾರ್ಟ್, ಒಂದು ತಾಲ್ಲೂಕಿನ ಟೊಮೆಟೊ ಬೆಳೆ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ 60, 75, 45, 66 ಸಾವಿರ ಟನ್. ಕೆಳಗೆ ಗೆರೆ ಚಾರ್ಟ್, 15 ಕೆ.ಜಿ. ಬಾಕ್ಸಿನ ಸರಾಸರಿ ಬೆಲೆ 260, 220, 380, 300 ರೂಪಾಯಿ. ಅಂಕಿಗಳು ಲೆಕ್ಕಕ್ಕಾಗಿ ಕಟ್ಟಿದವು. ಬಾಕ್ಸಿನ ತೂಕ ಮಾತ್ರ ಕೋಲಾರದ ಮಾರುಕಟ್ಟೆಯದೇ. ಪ್ರಶ್ನೆ ಒಂದೇ: ಬೆಳೆಗಾರರಿಗೆಲ್ಲ ಸೇರಿ ಅತಿ ಹೆಚ್ಚು ಹಣ ಬಂದ ವರ್ಷ ಯಾವುದು? "ಮೂರನೆಯದು ತಾನೆ ಮಾಮ, ಗೆರೆ ಎಲ್ಲಿಗೆ ಹೋಗಿದೆ ನೋಡಿ" ಎಂದ.

ಬೆಲೆ ಏರಿದ ವರ್ಷವೇ ಹಣ ಹೆಚ್ಚು ಬಂದ ವರ್ಷ ಎನ್ನುವುದು ಅವನೊಬ್ಬನ ನಂಬಿಕೆಯಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಟೊಮೆಟೊ ಬೆಳೆದವರೆಲ್ಲ ಸಾಹುಕಾರರಾದರು ಎಂದು ಊರೆಲ್ಲ ಮಾತಾಡಿತು. ಮಾರಲು ಎಷ್ಟು ಬಾಕ್ಸ್ ಇತ್ತು ಎಂದು ಕೇಳಿದವರು ಕಡಿಮೆ. ಇದಕ್ಕೆ ತಿರುಗುಮುರುಗಾದ ನಂಬಿಕೆಯೂ ಉಂಟು: ಬೆಳೆ ಹೆಚ್ಚಾದರೆ ಆದಾಯ ಹೆಚ್ಚು. ಅದರ ಪ್ರಕಾರ ಉತ್ತರ ಎರಡನೇ ವರ್ಷ.

ಎರಡೂ ತಪ್ಪು. ಬಂದ ಹಣ ಎಂದರೆ ಮಾಲು ಗುಣಿಸು ಬೆಲೆ. ಹಾಗಾಗಿ ಒಂದೊಂದು ವರ್ಷಕ್ಕೂ ಮೇಲಿನ ಕಂಬವನ್ನು ಕೆಳಗಿನ ಚುಕ್ಕೆಯಿಂದ ಗುಣಿಸಬೇಕು. 60×260 ಅಂದರೆ 15,600. 75×220 ಅಂದರೆ 16,500. 45×380 ಅಂದರೆ 17,100. 66×300 ಅಂದರೆ 19,800. ಗೆದ್ದದ್ದು ನಾಲ್ಕನೇ ವರ್ಷ. ಮೇಲೂ ಅದು ತುದಿಯಲ್ಲಿಲ್ಲ, ಕೆಳಗೂ ಇಲ್ಲ; ಎರಡರಲ್ಲೂ ಎರಡನೆಯದು. ಅದಕ್ಕೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಹುಡುಗ ತಡೆದ. ಮೇಲೆ ಟನ್, ಕೆಳಗೆ ಬಾಕ್ಸ್, ಮೊದಲು ಒಂದೇ ಅಳತೆಗೆ ತರಬೇಡವೇ? ಯಾವ ವರ್ಷ ಎಂದಷ್ಟೇ ಕೇಳಿದರೆ ಬೇಡ. ಟನ್ನನ್ನು ಬಾಕ್ಸ್ ಮಾಡುವಾಗ ನಾಲ್ಕೂ ವರ್ಷಕ್ಕೆ ಗುಣಕ ಒಂದೇ, ಸಾಲು ಬದಲಾಗುವುದಿಲ್ಲ. ಎಷ್ಟು ಕೋಟಿ ಎಂದು ಕೇಳಿದರೆ ಮಾತ್ರ ಬೇಕು: 66 ಸಾವಿರ ಟನ್ನನ್ನು 15 ಕೆ.ಜಿ.ಯಿಂದ ಭಾಗಿಸಿದರೆ 44 ಲಕ್ಷ ಬಾಕ್ಸ್, 300 ರೂಪಾಯಿಯಂತೆ 132 ಕೋಟಿ. ಇದೇ ರೀತಿ ಉಳಿದ ವರ್ಷಗಳಿಗೆ ಮಾಡಿದರೆ 104, 110, 114 ಕೋಟಿ.

ಆದರೂ ಮೂರನೇ ವರ್ಷ ಅಷ್ಟು ಭಾರಿಯಾಗಿ ಕಂಡದ್ದೇಕೆ? ಫೋಟೊ ಹಿಗ್ಗಿಸಿ ನೋಡಿದೆ. ಎಡಗಡೆಯ ಅಂಕಿಗಳು ಅರ್ಧ ಕತ್ತರಿಸಿಹೋಗಿದ್ದವು, ಆದರೆ ಕೆಳಗಿನ ಚಾರ್ಟಿನ ಬುಡ ಸೊನ್ನೆಯಲ್ಲ, 200 ಎಂಬುದು ತಿಳಿಯುತ್ತಿತ್ತು. ಬುಡದಿಂದ 220ಕ್ಕೆ 20ರ ಎತ್ತರ, 380ಕ್ಕೆ 180ರ ಎತ್ತರ. ಕಣ್ಣಿಗೆ ಒಂಬತ್ತು ಪಟ್ಟು. ನಿಜಕ್ಕೆ ಒಂದೂ ಮುಕ್ಕಾಲು ಪಟ್ಟಿಗೂ ತುಸು ಕಡಿಮೆ. ಗೆರೆ ಚಾರ್ಟ್ ಹೀಗೆ ಬರೆಯುವುದು ಮೋಸವೇನಲ್ಲ, ಸಣ್ಣ ಏರಿಳಿತ ಕಾಣಲೆಂದು ಬರೆಯುತ್ತಾರೆ. ಸೊನ್ನೆಯಿಂದ ಎದ್ದ ಕಂಬಗಳ ಕೆಳಗೆ ಅದನ್ನಿಟ್ಟಾಗ, ಎರಡನ್ನೂ ಒಂದೇ ಕಣ್ಣಳತೆಯಲ್ಲಿ ಅಳೆದುಬಿಡುತ್ತೇವೆ.

ಇನ್ನೊಂದು ತಪ್ಪು ಲೆಕ್ಕ ಬಲ್ಲವರೇ ಮಾಡುವಂಥದು. ಎರಡನೇ ವರ್ಷದಿಂದ ಮೂರನೆಯದಕ್ಕೆ ಬೆಳೆ ಶೇ 40 ಇಳಿಯಿತು, ಬೆಲೆ ಸುಮಾರು ಶೇ 73 ಏರಿತು. ಕಳೆದರೆ ಶೇ 33 ಲಾಭ ಎನ್ನುತ್ತಾರೆ. ಬೆಲೆ ಏರಿದ್ದು ಉಳಿದ ಶೇ 60 ಮಾಲಿನ ಮೇಲೆ ತಾನೆ? 0.6×1.727 ಅಂದರೆ 1.036. ಹಣ ಹೆಚ್ಚಿದ್ದು ಶೇ 3.6, ಅಷ್ಟೆ.

ಬೆಳೆ ಕುಸಿದರೆ ಹಣವೂ ಕುಸಿಯಲೇಬೇಕು ಎಂದಿಲ್ಲ ಎಂಬುದು ಹಳೆಯ ತಿಳಿವಳಿಕೆ. ಇಂಗ್ಲೆಂಡಿನ ಚಾರ್ಲ್ಸ್ ಡೆವನಂಟ್ 1699ರಲ್ಲಿ ಧಾನ್ಯದ ಬಗ್ಗೆ ಕೊಟ್ಟ ಪಟ್ಟಿಯಲ್ಲಿ ಫಸಲು ಹತ್ತನೇ ಒಂದು ಭಾಗ ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. 0.9×1.3, ಅಂದರೆ ಹಣ ಶೇ 17 ಹೆಚ್ಚು. ಅನ್ನದ ವಸ್ತುವಿಗೆ ಹೀಗೆ. ಟೊಮೆಟೊ ದುಬಾರಿಯಾದರೆ ಸಾರಿಗೆ ಹುಣಸೆಹಣ್ಣು ಹಾಕುವ ದಾರಿ ಇದೆ.

ಹುಡುಗ ತಿದ್ದಿಕೊಂಡ ಉತ್ತರ ಪುಸ್ತಕದ ಹಿಂಬದಿಯ ಉತ್ತರಕ್ಕೆ ತಾಳೆಯಾಯಿತು. ನನಗೆ ಮಾತ್ರ ಎರಡನೇ ವರ್ಷದ 110 ಕೋಟಿಯ ಮೇಲೆ ಅನುಮಾನ. ಬೆಲೆ ನೆಲ ಕಚ್ಚಿದಾಗ ಕೊಯ್ಯುವ ಕೂಲಿಯೂ ಹುಟ್ಟದೆಂದು ಹಣ್ಣನ್ನು ಗಿಡದಲ್ಲೇ ಬಿಡುತ್ತಾರೆ, ರಸ್ತೆ ಬದಿಗೆ ಸುರಿಯುತ್ತಾರೆ. ಮೇಲಿನ ಕಂಬ ಹೊಲದಲ್ಲಿ ಬೆಳೆದದ್ದನ್ನು ಎಣಿಸಿದ್ದೋ, ಮಂಡಿಯ ಹರಾಜಿಗೆ ಬಂದದ್ದನ್ನೋ? ಫೋಟೊದಲ್ಲಿ ಬರೀ "ಉತ್ಪಾದನೆ" ಎಂದಿತ್ತು.