ಲೇಬಲ್ಲಿನ ಕ್ಯಾಲೊರಿ: ಅಳತೆಯಲ್ಲ, ಅಂದಾಜು

ಆಹಾರದ ಪೊಟ್ಟಣದ ಮೇಲೆ ಅಚ್ಚಾಗುವ ಕ್ಯಾಲೊರಿಯನ್ನು ಸಾಮಾನ್ಯವಾಗಿ ಯಾರೂ ನೇರವಾಗಿ ಅಳೆದಿರುವುದಿಲ್ಲ. ಅದರಲ್ಲಿರುವ ಪ್ರೋಟೀನ್, ಕೊಬ್ಬು, ಕಾರ್ಬೋಹೈಡ್ರೇಟುಗಳ ತೂಕವನ್ನು ಕ್ರಮವಾಗಿ 4, 9, 4ರಿಂದ ಗುಣಿಸಿ ಕೂಡಿಸುತ್ತಾರೆ. ನಾರಿನ ಅಂಶಕ್ಕೆ ಗ್ರಾಂಗೆ 2 ಎಂದು ಹಿಡಿಯುವುದು ರೂಢಿ.

ಈ ಅಂಕಿಗಳು ಬಂದದ್ದು ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಅಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಡೆಸಿದ ಪ್ರಯೋಗಗಳಿಂದ. ಆಹಾರದ ಮಾದರಿಯನ್ನು ಆಮ್ಲಜನಕ ತುಂಬಿದ ಉಕ್ಕಿನ ಪಾತ್ರೆಯಲ್ಲಿ ಪೂರ್ತಿ ಸುಟ್ಟು, ಸುತ್ತಲಿನ ನೀರು ಎಷ್ಟು ಬಿಸಿಯಾಯಿತೆಂದು ನೋಡಿದರೆ ಅದರ ಒಟ್ಟು ಶಕ್ತಿ ತಿಳಿಯುತ್ತದೆ. ಆದರೆ ದೇಹ ಅಷ್ಟನ್ನೂ ಪಡೆಯಲಾರದು. ಹಾಗಾಗಿ ಮಲಮೂತ್ರಗಳಲ್ಲಿ ಹೊರಹೋಗುವ ಶಕ್ತಿಯನ್ನೂ ಅಟ್‌ವಾಟರ್ ಲೆಕ್ಕಕ್ಕೆ ತೆಗೆದುಕೊಂಡರು. ಒಂದು ಗ್ರಾಂ ಪ್ರೋಟೀನ್ ಸುಟ್ಟರೆ ಸುಮಾರು 5.65 ಕಿಲೋಕ್ಯಾಲೊರಿ ಸಿಗುತ್ತದೆ. ಅದರಲ್ಲಿ 1.25ರಷ್ಟು ಯೂರಿಯಾ ಮೊದಲಾದವುಗಳ ರೂಪದಲ್ಲಿ ಮೂತ್ರದ ಪಾಲು. ಜೀರ್ಣವಾಗುವುದು ಶೇ. 92 ಮಾತ್ರ ಎಂದು ಹಿಡಿದರೆ ಉಳಿಯುವುದು ಹತ್ತಿರಹತ್ತಿರ 4.

ಈ ಶೇ. 92 ಹಲವು ಬಗೆಯ ಆಹಾರ ಬೆರೆತ ಊಟದ ಸರಾಸರಿ. ದಿನದ ಒಟ್ಟು ಊಟಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ, ಒಂದೊಂದೇ ಪದಾರ್ಥಕ್ಕೆ ಅನ್ವಯಿಸುವಾಗ ತೊಡಕು.

ಬಾದಾಮಿಯನ್ನೇ ನೋಡಬಹುದು. 28 ಗ್ರಾಂ ಬಾದಾಮಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 14 ಗ್ರಾಂ ಕೊಬ್ಬು, 2.5 ಗ್ರಾಂ ಪಿಷ್ಟ–ಸಕ್ಕರೆ, 3.5 ಗ್ರಾಂ ನಾರು ಇರುತ್ತವೆ. ಗುಣಿಸಿದರೆ 24, 126, 10, 7, ಒಟ್ಟು 167. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಯಂಸೇವಕರಿಗೆ ಬಾದಾಮಿ ಇರುವ ಮತ್ತು ಇಲ್ಲದ ಊಟಗಳನ್ನು ಅಳೆದು ಕೊಟ್ಟು, ಅವರ ಮಲಮೂತ್ರದಲ್ಲಿ ಉಳಿದ ಶಕ್ತಿಯನ್ನು ಅಳೆದರು. ಅಷ್ಟು ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು ಸುಮಾರು 129 ಕಿಲೋಕ್ಯಾಲೊರಿ ಮಾತ್ರ.

ಕಾರಣ ಬಾದಾಮಿಯ ರಚನೆಯಲ್ಲಿದೆ. ಅದರ ಎಣ್ಣೆ ಗಟ್ಟಿಯಾದ ಜೀವಕೋಶಗಳ ಗೋಡೆಯೊಳಗೆ ಕೂತಿರುತ್ತದೆ. ಎಷ್ಟೇ ಅಗಿದರೂ ಕೆಲವು ಕೋಶಗಳು ಒಡೆಯುವುದಿಲ್ಲ, ಅವುಗಳಲ್ಲಿನ ಕೊಬ್ಬು ಜೀರ್ಣರಸಕ್ಕೆ ಸಿಗದೆ ಹಾಗೆಯೇ ಹೊರಹೋಗುತ್ತದೆ. ಅದೇ ಬಾದಾಮಿಯನ್ನು ಬೆಣ್ಣೆಯಂತೆ ನುಣ್ಣಗೆ ಅರೆದರೆ ಕೋಶಗಳು ಒಡೆದು, ದಕ್ಕುವ ಶಕ್ತಿ ಲೇಬಲ್ಲಿನ ಅಂಕಿಯ ಸಮೀಪಕ್ಕೆ ಬರುತ್ತದೆ. ಇಡಿಯಾಗಿ ತಿಂದರೂ ಅರೆದು ತಿಂದರೂ 4–9–4ರ ಲೆಕ್ಕ ಮಾತ್ರ ಒಂದೇ.

ಗುಣಿಸುವ ತೂಕಗಳೂ ಪೂರ್ತಿ ನಿಖರವಲ್ಲ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು. ಅದನ್ನು ಸಾಮಾನ್ಯವಾಗಿ 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಕಾರ್ಬೋಹೈಡ್ರೇಟನ್ನಂತೂ ಹಲವೆಡೆ ಅಳೆಯುವುದೇ ಇಲ್ಲ. ನೂರು ಗ್ರಾಂನಿಂದ ನೀರು, ಪ್ರೋಟೀನ್, ಕೊಬ್ಬು, ಬೂದಿಯ ತೂಕ ಕಳೆದು ಉಳಿದದ್ದನ್ನು ಕಾರ್ಬೋಹೈಡ್ರೇಟ್ ಎಂದು ಬರೆಯುತ್ತಾರೆ. ಉಳಿದ ನಾಲ್ಕು ಅಳತೆಗಳಲ್ಲಿ ಆದ ತಪ್ಪುಗಳೆಲ್ಲ ಬಂದು ಸೇರುವುದು ಈ ಅಂಕಿಗೇ.