ಉಸಿರೆಳೆದರೆ ಪಕ್ಕೆ ನೋವು: ಎಕ್ಸ್‌ರೇ ಸರಿ ಇತ್ತು, ತೊಂದರೆ ಕಾಲಲ್ಲಿತ್ತು

ಔರಾದ್‌ನಿಂದ ಬರುವಾಗ ಬೈಕ್ ಜಾರಿ ಬಲಗಾಲಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಭಾಲ್ಕಿಯ ಮನೆಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಮೂರನೇ ವಾರ ಒಂದು ಬೆಳಿಗ್ಗೆ ಬಲ ಪಕ್ಕೆಯಲ್ಲಿ ಚಾಕು ಚುಚ್ಚಿದಂಥ ನೋವು. ಸುಮ್ಮನೆ ಕೂತರೆ ತಡೆದುಕೊಳ್ಳಬಹುದು, ಆಳವಾಗಿ ಉಸಿರೆಳೆದರೆ ಮಾತ್ರ ಜೀವ ಹೋದಂತೆ. "ಗ್ಯಾಸ್ ಆಗ್ಯದ, ಅಜವಾನ ತಿನ್ನು" ಅಂದಳು ಅವ್ವ. ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆಸಿದೆವು. ಎಲ್ಲ ಸರಿ ಇದೆ, ಸ್ನಾಯು ಹಿಡಿದಿದೆ ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಸಂಜೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಏದುಸಿರು ಬಂತು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ 91 ತೋರಿಸಿತು, ನಾಡಿ 118. ಅಣ್ಣ ಕಾರು ತೆಗೆದ. ಬೀದರ್‌ಗೆ ಸುಮಾರು 40 ಕಿ.ಮೀ. ಆ ದಾರಿ ಅಷ್ಟು ಉದ್ದ ಅನ್ನಿಸಿದ್ದು ಅವತ್ತೇ.

ಅಲ್ಲಿನ ಡಾಕ್ಟರ್ ಎದೆಗಿಂತ ಮೊದಲು ಕಾಲು ನೋಡಿದರು. "ಪ್ಲಾಸ್ಟರ್ ಹಾಕಿ ಎಷ್ಟ್ ದಿನ ಆಯ್ತ್ರಿ?" ಅಂತ ಕೇಳಿ, ನೇರ ಸಿಟಿ ಸ್ಕ್ಯಾನ್‌ಗೆ ಬರೆದರು. ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ತೆಗೆಯುವ ಸ್ಕ್ಯಾನ್ ಅದು. ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಣುಕು ಶ್ವಾಸಕೋಶಕ್ಕೆ ಹೋಗಿ ಕೂತಿತ್ತು.

ಹಾಗಾದರೆ ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ? ಹೆಪ್ಪು ಇರುವುದು ರಕ್ತನಾಳದ ಒಳಗೆ, ಸಾದಾ ಎಕ್ಸ್‌ರೇಗೆ ಅದು ಕಾಣುವುದಿಲ್ಲ. ಇನ್ನೊಂದು ವಿಷಯ ನನಗೂ ಆಗಲೇ ಗೊತ್ತಾಗಿದ್ದು: ಶ್ವಾಸಕೋಶಕ್ಕೆ ಸ್ವತಃ ನೋವು ಗೊತ್ತಾಗುವುದಿಲ್ಲ. ನೋಯುವುದು ಪಕ್ಕೆಲುಬಿನ ಒಳಮೈಗೆ ಅಂಟಿದ ತೆಳು ಪೊರೆ. ಅದನ್ನು ಯಾವ ಕಾಯಿಲೆ ಕೆಣಕಿದರೂ ನೋವು ಒಂದೇ ಥರ. ಅದಕ್ಕೇ ನೋವಿನ ಮೇಲೆ ಕಾಯಿಲೆ ಹೇಳಲಾಗದು, ಅದರ ಸುತ್ತಲಿನ ಕಥೆ ಕೇಳಬೇಕು.

ಪೊರೆಗೇ ಉರಿಯೂತ ಬಂದರೆ ಪ್ಲೂರಿಸಿ. ಸಾಮಾನ್ಯವಾಗಿ ಜ್ವರ, ಕೆಮ್ಮಿನ ಜೊತೆ ಬರುತ್ತದೆ. ನಮ್ಮಲ್ಲಿ ಹಿಂದೆ ಟಿಬಿಯೂ ಇರಬಹುದು. ಪೊರೆಗಳ ನಡುವೆ ನೀರು ತುಂಬಿದರೆ ಅವು ಉಜ್ಜುವುದು ನಿಂತು ನೋವು ಕಡಿಮೆಯಾಗುತ್ತದೆ, ಆದರೆ ದಮ್ಮು ಹೆಚ್ಚುತ್ತದೆ. ವಾಸಿಯಾಯ್ತು ಅಂತ ಮೋಸ ಹೋಗುವುದು ಇಲ್ಲೇ.

ಶ್ವಾಸಕೋಶ ಕುಸಿದರೆ ನೋವು ಒಂದೇ ಕ್ಷಣದಲ್ಲಿ ಶುರು. ಎತ್ತರದ, ತೆಳ್ಳಗಿನ ಹುಡುಗರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ ಹೆಚ್ಚು. ಇದು ಸಾಮಾನ್ಯವಾಗಿ ಎಕ್ಸ್‌ರೇಯಲ್ಲೇ ಸಿಗುತ್ತದೆ. ಗಾಳಿ ಸ್ವಲ್ಪವೇ ಇದ್ದರೆ ಕಾದು ನೋಡುತ್ತಾರೆ, ಹೆಚ್ಚಿದ್ದರೆ ಸೂಜಿ ಅಥವಾ ನಳಿಕೆ ಹಾಕಿ ತೆಗೆಯುತ್ತಾರೆ.

ನನ್ನಂಥವರಲ್ಲಿ ಕೇಳಬೇಕಾದ್ದು ಪ್ಲಾಸ್ಟರ್, ಇತ್ತೀಚಿನ ಆಪರೇಷನ್, ಹೆರಿಗೆ, ಗರ್ಭನಿರೋಧಕ ಮಾತ್ರೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂತದ್ದು, ಒಂದೇ ಮೀನಖಂಡ ಊದಿದ್ದು. ಇವುಗಳಲ್ಲಿ ಒಂದಿದ್ದು ಉಸಿರೂ ಕಟ್ಟಿದರೆ ಎಕ್ಸ್‌ರೇ ಸರಿ ಇದ್ದರೂ ಮನೆಗೆ ಹೋಗಬೇಡಿ. ತಲೆ ಸುತ್ತಿ ಬಿದ್ದರೆ, ಕೆಮ್ಮಿದಾಗ ರಕ್ತ ಬಂದರೆ 108ಕ್ಕೆ ಫೋನ್ ಮಾಡಿ.

ನನಗೆ ಹೆಪ್ಪು ಬೆಳೆಯದಂತೆ ಮೊದಲು ಇಂಜೆಕ್ಷನ್, ಆಮೇಲೆ ಮೂರು ತಿಂಗಳು ಮಾತ್ರೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿತ್ತು. ನೋವಿಗೆ ಬೇರೆ ಗುಳಿಗೆ ನುಂಗುವಂತಿಲ್ಲ ಅಂತ ಕಟ್ಟಪ್ಪಣೆ. ಪ್ಲಾಸ್ಟರ್ ಬಿಚ್ಚಿದ ದಿನ ಅವ್ವ ಎಣ್ಣೆ ಕಾಯಿಸಿಕೊಂಡು ಬಂದಳು. "ತಿಕ್ಕಬ್ಯಾಡವ್ವ, ಡಾಕ್ಟರ್ ಬ್ಯಾಡ ಅಂದಾರ" ಅಂದೆ. ಬಟ್ಟಲು ಕೆಳಗಿಟ್ಟು ಸುಮ್ಮನೆ ನನ್ನ ಪಾದ ಹಿಡಿದು ಕೂತಳು.